ಮೂರೂ ಐವತ್ತೋ, ನಾಲ್ಕೂ ಐವತ್ತೋ?

ಗಂಟೆ ನೋಡುವುದನ್ನು ಆಗಷ್ಟೇ ಕಲಿತ ಮಗುವನ್ನು ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗಡಿಯಾರದ ಮುಂದೆ ನಿಲ್ಲಿಸಿ ‘ಎಷ್ಟಾಯ್ತು ಹೇಳು’ ಅಂತ ಕೇಳಿದರೆ ಬಹಳ ಸಲ ಬರುವ ಉತ್ತರ ‘ನಾಲ್ಕೂ ಐವತ್ತು’. ನಿಮಿಷವನ್ನು ಮಗು ಸರಿಯಾಗಿಯೇ ಓದಿದೆ. ದೊಡ್ಡ ಮುಳ್ಳು ಹತ್ತರ ಮೇಲಿದೆ, ಐದು ಹತ್ತಲೆ ಐವತ್ತು. ಎಡವಿದ್ದು ಚಿಕ್ಕ ಮುಳ್ಳಿನಲ್ಲಿ. ಅದು ನಾಲ್ಕಕ್ಕೆ ಅಂಟಿಕೊಂಡಂತೆ ನಿಂತಿದೆ. ಕಣ್ಣಿಗೆ ಕಂಡದ್ದನ್ನು ಮಗು ಹೇಳಿತು, ಅಷ್ಟೆ.

ಮಗುವಿಗೆ ಮೊದಲ ವಾಚು ಕೊಡಿಸಲು ಹೊರಟ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ನೋಡುವುದು ಬಣ್ಣ, ಬೊಂಬೆಯ ಚಿತ್ರ, ಬೆಲೆ. ಕೊಂಚ ಅನುಭವಸ್ಥರು ‘ನೀರು ಬಿದ್ದರೆ ಏನಾಗತ್ತೆ?’ ಅಂತ ಕೇಳಿಯಾರು. ಆದರೆ ಈ ವಾಚಿನಲ್ಲಿ ಮೂರೂ ಐವತ್ತು ಹೇಗೆ ಕಾಣುತ್ತದೆ ಎಂದು ಅಂಗಡಿಯಲ್ಲಿ ತಿರುಗಿಸಿ ನೋಡುವವರು ಕಡಿಮೆ. ಮಗು ಆ ವಾಚಿನಿಂದ ಗಂಟೆ ನೋಡಲು ಕಲಿಯುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ನಿಂತಿರುವುದು ಆ ಒಂದು ನೋಟದ ಮೇಲೆ.

ಲೆಕ್ಕ ಸುಲಭದ್ದೇ. ದೊಡ್ಡ ಮುಳ್ಳು ಒಂದು ಗಂಟೆಯಲ್ಲಿ ಪೂರ್ತಿ ಸುತ್ತು, ಅಂದರೆ 360 ಡಿಗ್ರಿ ಸುತ್ತುತ್ತದೆ. ಅದೇ ಹೊತ್ತಿನಲ್ಲಿ ಚಿಕ್ಕ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ, ಕೇವಲ 30 ಡಿಗ್ರಿ ಸರಿಯುತ್ತದೆ. ಅಂದರೆ ನಿಮಿಷಕ್ಕೆ ಅರ್ಧ ಡಿಗ್ರಿ. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಚಿಕ್ಕ ಮುಳ್ಳು ನಾಲ್ಕರಿಂದ ಹಿಂದಿರುವುದು ಐದೇ ಡಿಗ್ರಿ. ಡಯಲಿನ ಅಂಚಿನಲ್ಲಿರುವ ನಿಮಿಷದ ಗೆರೆಗಳ ನಡುವಿನ ಅಂತರ ಆರು ಡಿಗ್ರಿ, ಇದು ಅದಕ್ಕಿಂತಲೂ ಕಡಿಮೆ. ಗೋಡೆ ಗಡಿಯಾರದಲ್ಲಾದರೆ ಅಷ್ಟು ಅಂತರ ಕಣ್ಣಿಗೆ ಕಾಣುತ್ತದೆ. ಮಕ್ಕಳ ವಾಚಿನಲ್ಲಿ ಚಿಕ್ಕ ಮುಳ್ಳಿನ ಉದ್ದ ಸುಮಾರು ಏಳು ಮಿಲಿಮೀಟರ್. ಅದರ ತುದಿಯಲ್ಲಿ ಐದು ಡಿಗ್ರಿ ಎಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಏಳು ವರ್ಷದ ಮಗು ನಡೆಯುತ್ತಲೋ ಓಡುತ್ತಲೋ ನೋಡಿ ಇದನ್ನು ಹಿಡಿಯಬೇಕು.

ಆದ್ದರಿಂದ ಕಲಿಕೆ ಚಿಕ್ಕ ಮುಳ್ಳಿನಿಂದ ಶುರುವಾಗಬೇಕು. ಗಡಿಯಾರದ ಚರಿತ್ರೆಯೂ ಹಾಗೇ ನಡೆದಿದೆ. ಯೂರೋಪಿನ ಹಳೆಯ ಗಡಿಯಾರಗಳಲ್ಲಿ ಬಹುತೇಕ ಇದ್ದದ್ದು ಗಂಟೆಯ ಮುಳ್ಳೊಂದೇ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ರೂಪಿಸಿ, ಗಡಿಯಾರಗಳು ನಿಮಿಷದ ಲೆಕ್ಕಕ್ಕೆ ನಂಬುವಷ್ಟು ನಿಖರವಾದ ಮೇಲೆಯೇ ಎರಡನೇ ಮುಳ್ಳು ಎಲ್ಲೆಡೆ ಬಂತು. ಒಂದೇ ಮುಳ್ಳಿನಲ್ಲೂ ಜನ ‘ಮೂರು ದಾಟಿದೆ, ನಾಲ್ಕರ ಹತ್ತಿರ ಬಂದಿದೆ’ ಎಂದು ಓದುತ್ತಿದ್ದರು. ಮಗು ಮೊದಲು ಕಲಿಯಬೇಕಾದ ಓದು ಅದೇ. ದಾಟಿದ ಅಂಕಿ ಯಾವುದು, ಮುಟ್ಟಬೇಕಾದ ಅಂಕಿ ಯಾವುದು ಎಂಬುದು ಗೊತ್ತಾದರೆ ಮೂರೂ ಐವತ್ತು ಎಂದಿಗೂ ನಾಲ್ಕೂ ಐವತ್ತಾಗುವುದಿಲ್ಲ.

ಇಷ್ಟು ತಿಳಿದರೆ ಡಯಲ್ ಹೇಗಿರಬೇಕು ಎಂಬ ಪ್ರಶ್ನೆ ಬೇಗ ಬಗೆಹರಿಯುತ್ತದೆ. ಹನ್ನೆರಡೂ ಅಂಕಿಗಳು ಇರಬೇಕು. 12, 3, 6, 9 ಮಾತ್ರ ಬರೆದು ಉಳಿದೆಡೆ ಚುಕ್ಕೆ ಇಟ್ಟ ವಾಚು ದೊಡ್ಡವರಿಗೆ ಚೆಂದ. ಮಗು ಮಾತ್ರ ನಾಲ್ಕನೆಯ ಚುಕ್ಕೆ ಯಾವುದು ಎಂದು ಎಣಿಸಿಯೇ ಸುಸ್ತಾಗುತ್ತದೆ. ರೋಮನ್ ಅಂಕಿ ಬೇಡವೇ ಬೇಡ. ಅಂಚಿನಲ್ಲಿ ಅರವತ್ತು ಗೆರೆಗಳೂ ಸ್ಪಷ್ಟವಾಗಿರಲಿ. ಅದರ ಪಕ್ಕದಲ್ಲಿ 5, 10, 15 ಎಂದು ನಿಮಿಷದ ಅಂಕಿಗಳನ್ನೂ ಸಣ್ಣದಾಗಿ ಬರೆದಿದ್ದರೆ ಇನ್ನೂ ಅನುಕೂಲ.

ಮುಳ್ಳುಗಳ ಉದ್ದದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಬೇಕು. ದೊಡ್ಡ ಮುಳ್ಳಿನ ತುದಿ ನಿಮಿಷದ ಗೆರೆಯನ್ನು ಮುಟ್ಟಬೇಕು, ಚಿಕ್ಕದು ಅಂಕಿಗಳ ಒಳಗೇ ನಿಲ್ಲಬೇಕು. ಎರಡಕ್ಕೂ ಬೇರೆ ಬೇರೆ ಬಣ್ಣ ಇದ್ದರೆ ‘ದೊಡ್ಡದು, ಚಿಕ್ಕದು’ ಎಂಬ ಗೊಂದಲವೂ ತಪ್ಪುತ್ತದೆ. ಸ್ವಾಚ್ ಸಮೂಹ 1987ರಲ್ಲಿ ಮಕ್ಕಳಿಗಾಗಿಯೇ ತಂದ ‘ಫ್ಲಿಕ್ ಫ್ಲ್ಯಾಕ್’ ವಾಚು ನಿಂತಿದ್ದೇ ಈ ಉಪಾಯದ ಮೇಲೆ. ನೀಲಿಯ ನಿಮಿಷದ ಮುಳ್ಳು ಫ್ಲಿಕ್ ಎಂಬ ಹುಡುಗ, ಕೆಂಪು ಗಂಟೆಯ ಮುಳ್ಳು ಫ್ಲ್ಯಾಕ್ ಎಂಬ ಹುಡುಗಿ. ಟೈಮೆಕ್ಸ್ ಕಂಪನಿ ತನ್ನ ಕಲಿಕೆಯ ವಾಚುಗಳಲ್ಲಿ ಮುಳ್ಳಿನ ಮೇಲೆಯೇ ಇದು ಗಂಟೆ, ಇದು ನಿಮಿಷ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟಿತು. ನಮ್ಮಲ್ಲಿ ಟೈಟನ್ ಕಂಪನಿ ‘ಝೂಪ್’ ಹೆಸರಿನಲ್ಲಿ ಮಕ್ಕಳ ವಾಚು ಮಾರುತ್ತದೆ. ಯಾವ ಕಂಪನಿಯದ್ದೇ ಆಗಲಿ, ಎಲ್ಲ ಮಾದರಿಗಳ ಡಯಲೂ ಒಂದೇ ತರಹ ಇರುವುದಿಲ್ಲ. ಒಂದೇ ಹೆಸರಿನಲ್ಲಿ ಓದಲು ಹದವಾದದ್ದೂ ಇರುತ್ತದೆ, ಬರೀ ಚಿತ್ರ ತುಂಬಿದ್ದೂ ಇರುತ್ತದೆ. ಹೆಸರು ಕೇಳಿ ತೆಗೆದುಕೊಳ್ಳುವುದಕ್ಕಿಂತ ಡಯಲು ನೋಡಿ ತೆಗೆದುಕೊಳ್ಳುವುದು ಸರಿ.

ಚಿತ್ರವೇ ಬೇಡ ಎಂದೇನೂ ಅಲ್ಲ. ಮಗುವಿಗೆ ಇಷ್ಟವಾಗದ ವಾಚು ಮೇಜಿನ ಡ್ರಾಯರ್ ಸೇರುತ್ತದೆ. ಚಿತ್ರ ತೆಳು ಬಣ್ಣದಲ್ಲಿ ಹಿಂದೆ ಇದ್ದು ಮುಳ್ಳು ಕಡುಬಣ್ಣದಲ್ಲಿ ಮುಂದೆ ಎದ್ದು ಕಂಡರೆ ತೊಂದರೆಯಿಲ್ಲ. ಗುಲಾಬಿ ಬಣ್ಣದ ಗೊಂಬೆಯ ಮುಖದ ಮೇಲೆ ಗುಲಾಬಿ ಮುಳ್ಳು ಇದ್ದರೆ ಮಾತ್ರ ಅದು ಬಳೆಯ ಅಂಗಡಿಗೆ ಸೇರಬೇಕಾದ ಸಾಮಾನು. ತಾರೀಖಿನ ಕಿಂಡಿಯೂ ಈ ವಯಸ್ಸಿಗೆ ಉಪದ್ರವವೇ. ಅದು ಬಹಳ ವಾಚುಗಳಲ್ಲಿ ಮೂರರ ಅಂಕಿಯನ್ನು ನುಂಗಿಹಾಕುತ್ತದೆ. ಸಾಲದ್ದಕ್ಕೆ, ತಿಂಗಳಿಗೆ ಮೂವತ್ತೊಂದು ದಿನ ಇಲ್ಲದಾಗಲೆಲ್ಲ, ಅಂದರೆ ವರ್ಷಕ್ಕೆ ಐದು ಸಲ, ಯಾರಾದರೂ ಕೈಯಿಂದ ಸರಿಮಾಡಬೇಕು.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ. ಇದಕ್ಕೆ ಎರಡು ನಿಮಿಷ ಸಾಕು. ವಾಚಿನ ಪಕ್ಕದಲ್ಲಿ ಮುಳ್ಳು ತಿರುಗಿಸುವ ಪುಟ್ಟ ಗುಂಡಿ ಇರುತ್ತದೆ, ಅಂಗಡಿಯವರು ಅದನ್ನು ಕ್ರೌನ್ ಅನ್ನುತ್ತಾರೆ. ಅದನ್ನು ಹೊರಗೆಳೆದು ಮೊದಲು ಸರಿಯಾಗಿ ಹನ್ನೆರಡಕ್ಕೆ ತರಬೇಕು. ಎರಡೂ ಮುಳ್ಳು ಒಂದರ ಮೇಲೊಂದು ಕೂರಬೇಕು. ಆಮೇಲೆ ಆರಕ್ಕೆ ತಂದರೆ ಎರಡೂ ಸೇರಿ ಮೇಲಿಂದ ಕೆಳಗೆ ಒಂದೇ ನೇರ ಗೆರೆಯಾಗಬೇಕು. ಕೊನೆಗೆ ಮೂರೂವರೆ. ದೊಡ್ಡ ಮುಳ್ಳು ಆರರ ಮೇಲಿರುವಾಗ ಚಿಕ್ಕದು ಮೂರು ಮತ್ತು ನಾಲ್ಕರ ಸರಿಮಧ್ಯ ನಿಲ್ಲಬೇಕು.

ಮುಳ್ಳುಗಳನ್ನು ವಾಚಿನ ನಡುವಿನ ಕಡ್ಡಿಗಳ ಮೇಲೆ ಬರೀ ಒತ್ತಿ ಕೂರಿಸಿರುತ್ತಾರೆ. ಕೂರಿಸುವಾಗ ಕೂದಲೆಳೆಯಷ್ಟು ವಾಲಿದರೂ, ಅಥವಾ ವಾಚು ಕೆಳಗೆ ಬಿದ್ದು ಮುಳ್ಳು ಜರುಗಿದರೂ, ಚಿಕ್ಕ ಮುಳ್ಳು ಅಂದಿನಿಂದ ತಪ್ಪು ಜಾಗವನ್ನೇ ತೋರಿಸುತ್ತದೆ. ನಿಮಿಷದ ಒಂದು ಗೆರೆಯಷ್ಟು, ಆರು ಡಿಗ್ರಿ, ಜರುಗಿದೆ ಎನ್ನಿ. ಗಂಟೆಯ ಮುಳ್ಳಿನ ಲೆಕ್ಕದಲ್ಲಿ ಅದು ಹನ್ನೆರಡು ನಿಮಿಷ. ಅಂಥ ವಾಚಿನಲ್ಲಿ ಮೂರೂ ಐವತ್ತಕ್ಕೆ ಚಿಕ್ಕ ಮುಳ್ಳು ನಾಲ್ಕನ್ನು ದಾಟಿಯೇ ಬಿಟ್ಟಿರುತ್ತದೆ. ದೊಡ್ಡವರಿಗೆ ಇದು ಗೊತ್ತೇ ಆಗುವುದಿಲ್ಲ. ಅವರು ಹೊತ್ತನ್ನು ಅಂದಾಜಿನ ಮೇಲೆ ತಿಳಿದಿರುತ್ತಾರೆ, ದೊಡ್ಡ ಮುಳ್ಳನ್ನಷ್ಟೇ ನೋಡುತ್ತಾರೆ. ಹೇಳಿಕೊಟ್ಟಂತೆ ಚಿಕ್ಕ ಮುಳ್ಳನ್ನು ನಂಬಿದ ಮಗು ‘ನಾಲ್ಕೂ ಐವತ್ತು’ ಎಂದು ಬೈಸಿಕೊಳ್ಳುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಅಂಕಿಯಲ್ಲೇ ಗಂಟೆ ತೋರಿಸುವ ಡಿಜಿಟಲ್ ವಾಚು ಕೊಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಗಟ್ಟಿತನದಲ್ಲಿ ಡಿಜಿಟಲ್ ವಾಚನ್ನು ಮೀರಿಸುವುದು ಕಷ್ಟ. 1989ರಿಂದ ಮಾರಾಟವಾಗುತ್ತಿರುವ ಕ್ಯಾಸಿಯೊದ ಎಫ್-91ಡಬ್ಲ್ಯೂ ಇದಕ್ಕೆ ಒಳ್ಳೆಯ ಉದಾಹರಣೆ. ತೂಕ 21 ಗ್ರಾಂ, ಒಮ್ಮೆ ಹಾಕಿದ ಸೆಲ್ ಸುಮಾರು ಏಳು ವರ್ಷ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಜರುಗಲು ಮುಳ್ಳೇ ಇಲ್ಲ. ಐದಾರನೇ ತರಗತಿಯ, ಗಂಟೆ ನೋಡಲು ಕಲಿತಾದ ಹುಡುಗನಿಗೆ ಇಂಥದ್ದು ಸರಿಯಾಗಿ ಒಗ್ಗುತ್ತದೆ. ಕಲಿಯುವ ವಯಸ್ಸಿಗೆ ಮಾತ್ರ ಅದರಲ್ಲೊಂದು ಕೊರತೆಯಿದೆ. 3:50 ಎಂದು ಮಗು ಓದಬಲ್ಲದು, ಆದರೆ ನಾಲ್ಕಕ್ಕೆ ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಅಲ್ಲಿ ಕಾಣುವುದಿಲ್ಲ. ಅದಕ್ಕೆ ಅರವತ್ತರಲ್ಲಿ ಐವತ್ತು ಕಳೆಯಬೇಕು, ನೂರರಲ್ಲಿ ಅಲ್ಲ ಎಂಬುದೂ ಗೊತ್ತಿರಬೇಕು. ಮುಳ್ಳಿನ ವಾಚಿನಲ್ಲಿ ಉಳಿದ ಹೊತ್ತು ಡಯಲಿನ ಮೇಲೆ ಖಾಲಿ ಜಾಗವಾಗಿ ಕಣ್ಣೆದುರು ಇರುತ್ತದೆ.

ಮೊದಲೇ ಡಿಜಿಟಲ್ ರೂಢಿಯಾದರೆ ಮುಳ್ಳಿನ ಗಡಿಯಾರ ಓದುವುದು ಹಿಂದೆ ಬೀಳುತ್ತದೆ. ಬ್ರಿಟನ್ನಿನ ಕೆಲವು ಶಾಲೆಗಳು ಪರೀಕ್ಷಾ ಕೊಠಡಿಗಳಲ್ಲಿ ಮುಳ್ಳಿನ ಗಡಿಯಾರ ತೆಗೆದು ಡಿಜಿಟಲ್ ಗಡಿಯಾರ ಹಾಕುತ್ತಿವೆ, ಹದಿಹರೆಯದ ವಿದ್ಯಾರ್ಥಿಗಳು ಮುಳ್ಳು ನೋಡಿ ಎಷ್ಟು ಹೊತ್ತು ಉಳಿದಿದೆ ಎಂದು ತಿಳಿಯಲಾರದೆ ಒದ್ದಾಡುತ್ತಾರೆ ಎಂಬ ಸುದ್ದಿ 2018ರಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. ಸಿಮ್ ಹಾಕುವ ಸ್ಮಾರ್ಟ್‌ವಾಚಿನ ಮಾತು ಬೇರೆಯೇ. ಅದು ಮಗುವಿನ ಕೈಗೆ ಕಟ್ಟಿದ ಫೋನು. ಮಗು ಇರುವ ಜಾಗದ ಮಾತುಗಳನ್ನು ದೂರದಿಂದ ಕದ್ದು ಕೇಳಲು ಬರುತ್ತದೆ ಎಂಬ ಕಾರಣಕ್ಕೆ ಜರ್ಮನಿ 2017ರಲ್ಲಿ ಅಂಥ ಸೌಲಭ್ಯ ಇರುವ ಮಕ್ಕಳ ವಾಚುಗಳ ಮಾರಾಟವನ್ನೇ ನಿಷೇಧಿಸಿತು.

ತಾತನ ಎಚ್‌ಎಂಟಿ ವಾಚು ಮನೆಯಲ್ಲೇ ಇದ್ದರೆ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ‘ಜನತಾ’ ಮಾದರಿ ಕರ್ನಾಟಕದ ಎಷ್ಟೋ ಮನೆಗಳ ಬೀರುವಿನಲ್ಲಿ ಇವತ್ತಿಗೂ ಇದೆ. ಅಂಕಿ ಸ್ಪಷ್ಟ, ಮುಳ್ಳು ಸ್ಪಷ್ಟ. ಆದರೆ ಅದಕ್ಕೆ ದಿನಾ ಕೀಲಿ ಕೊಡಬೇಕು, ನೀರು ತಾಗಿಸಬಾರದು, ಸಿಮೆಂಟಿನ ನೆಲಕ್ಕೆ ಬಿದ್ದರೆ ಒಳಗಿನ ತೂಗುಚಕ್ರದ ಸೂಜಿಯಂಥ ಅಚ್ಚು ಮುರಿಯಬಹುದು. ಗಂಟೆ ನೋಡುವುದನ್ನು ತಾತನ ಪಕ್ಕ ಕೂತು ಕಲಿಯಲು ಅದು ಸರಿ, ಶಾಲೆಯ ಮೈದಾನಕ್ಕೆ ಅಲ್ಲ.

ಮೈದಾನಕ್ಕೆ ಸೆಲ್ ಹಾಕುವ ಕ್ವಾರ್ಟ್ಜ್ ವಾಚೇ ಸೈ. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಸರ್ಕ್ಯೂಟು ಅದನ್ನು ಎಣಿಸಿ ಸೆಕೆಂಡಿಗೊಮ್ಮೆ ಮುಳ್ಳನ್ನು ತಳ್ಳುತ್ತದೆ. ಸಾಧಾರಣ ಕ್ವಾರ್ಟ್ಜ್ ವಾಚು ಕೂಡ ತಿಂಗಳಿಗೆ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಷ್ಟೇ ಹಿಂದುಮುಂದಾಗುತ್ತದೆ. ಹೊತ್ತಿನ ನಿಖರತೆಗೆಂದು ಮಗುವಿನ ವಾಚಿಗೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಸುರಿಯುವುದಾದರೆ ಬೆಲ್ಟು ಮತ್ತು ನೀರಿನ ತಡೆಗೆ.

ಮಕ್ಕಳ ವಾಚಿನಲ್ಲಿ ಮೊದಲು ಕೈಕೊಡುವುದು ಬೆಲ್ಟು. ಪ್ಲಾಸ್ಟಿಕ್ ಬೆಲ್ಟು ಬೆವರು, ಬಿಸಿಲಿಗೆ ಗಡುಸಾಗಿ ತೂತುಗಳ ಬಳಿ ಸೀಳುತ್ತದೆ. ಚರ್ಮದ್ದು ಮಳೆಗಾಲದಲ್ಲಿ ನೆಂದು ನಾರುತ್ತದೆ. ನೈಲಾನ್ ಬಟ್ಟೆಯ ಬೆಲ್ಟು ಕೊಳೆಯಾಗುತ್ತದೆ ನಿಜ, ಆದರೆ ಸೋಪು ಹಾಕಿ ಒಗೆಯಬಹುದು. ಬೆಲ್ಟನ್ನು ವಾಚಿಗೆ ಹಿಡಿದಿರುವುದು ಎರಡು ಬದಿಯ ಸಣ್ಣ ಸ್ಪ್ರಿಂಗ್ ಕಡ್ಡಿಗಳು. ಗೆಳೆಯ ಕೈ ಹಿಡಿದು ಎಳೆದಾಗ ಹಾರಿಹೋಗುವುದು ಸಾಮಾನ್ಯವಾಗಿ ಇವೇ. ಎರಡು ತುಂಡಿನ ಬೆಲ್ಟಿನಲ್ಲಿ ಒಂದು ಕಡ್ಡಿ ಹಾರಿದರೆ ವಾಚು ನೆಲಕ್ಕೆ. ಎರಡೂ ಕಡ್ಡಿಗಳ ಕೆಳಗೆ ಹಾದುಹೋಗುವ ಒಂದೇ ಪಟ್ಟಿಯ ಬಟ್ಟೆ ಬೆಲ್ಟಾದರೆ, ಒಂದು ಹಾರಿದರೂ ಇನ್ನೊಂದು ಹಿಡಿದುಕೊಳ್ಳುತ್ತದೆ. ಅದನ್ನೇ ಕೇಳಿ ಹಾಕಿಸಿಕೊಳ್ಳಬಹುದು.

ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನೂ ನೋಡಬೇಕು. ಆರು ವರ್ಷದ ಮಗುವಿಗೆ ಒಂದೇ ಕೈಯಲ್ಲಿ ಬಕಲ್ ಹಾಕುವುದು ಕಷ್ಟ. ಅಂಟುಪಟ್ಟಿಯ ವೆಲ್ಕ್ರೊ ಸುಲಭ, ಆದರೆ ಧೂಳು, ಕೂದಲು ತುಂಬಿ ಕ್ರಮೇಣ ಹಿಡಿತ ಬಿಡುತ್ತದೆ. ಅಂಗಡಿಯಲ್ಲಿ ಮಗುವಿನ ಕೈಗೇ ಕೊಟ್ಟು, ಅಮ್ಮ ಕೈ ಹಾಕದೆ, ಎರಡು ಮೂರು ಸಲ ಕಟ್ಟಿ ಬಿಚ್ಚಿಸಿದರೆ ಉತ್ತರ ಸಿಗುತ್ತದೆ. ಶಾಲೆಯಲ್ಲಿ ಆಟದ ಹೊತ್ತಿಗೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳಲಾಗದ ಮಗು ಅದನ್ನು ಜೇಬಿನಲ್ಲೋ ಬೆಂಚಿನ ಮೇಲೋ ಬಿಟ್ಟು ಕಳೆದುಕೊಂಡು ಬರುತ್ತದೆ.

ನೀರಿನ ವಿಷಯದಲ್ಲಿ ವಾಚಿನ ಹಿಂದೆ ಬರೆದದ್ದನ್ನು ಅಕ್ಷರಶಃ ನಂಬಬಾರದು. ‘30 ಮೀಟರ್’ ಎಂದರೆ ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಅಲುಗದ ನೀರಿನಲ್ಲಿ ಆ ಆಳದಷ್ಟು ಒತ್ತಡವನ್ನು ವಾಚು ಪರೀಕ್ಷೆಯಲ್ಲಿ ತಡೆದಿದೆ ಎಂದಷ್ಟೇ ಅದರ ಅರ್ಥ. ಬಳಕೆಯಲ್ಲಿ ಅದು ಕೈ ತೊಳೆಯುವುದಕ್ಕೆ, ಮಳೆಹನಿಗೆ ಸಾಕು. ಈಜುವ ಮಗುವಿಗೆ ಕನಿಷ್ಠ 50 ಮೀಟರ್, ಕೆರೆ ಬಾವಿಗೆ ಧುಮುಕುವವರಿಗೆ 100 ಮೀಟರ್ ಬೇಕು. ಸಂಖ್ಯೆಯೇ ಇಲ್ಲದೆ ಬರೀ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ನೀರು ಸಿಡಿದರೆ ತಡೆದೀತು, ಅಷ್ಟೆ. ಯಾವುದೇ ವಾಚಾಗಲಿ, ಕ್ರೌನ್ ಹೊರಗೆ ಬಂದಿದ್ದರೆ ಈ ಯಾವ ಸಂಖ್ಯೆಗೂ ಬೆಲೆಯಿಲ್ಲ. ನೀರು ಆ ದಾರಿಯಲ್ಲೇ ಒಳಗೆ ಹೋಗುತ್ತದೆ.

ಗಾಜಿನಲ್ಲಿ ಎರಡು ಬಗೆ ಸಿಗುತ್ತವೆ. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಗಾಜಿನ ಮೇಲೆ ಬೇಗ ಗೀರು ಬೀಳುತ್ತದೆ, ಆದರೆ ಅದು ಚೂರಾಗುವುದಿಲ್ಲ, ಗೀರನ್ನು ಪಾಲಿಶ್ ಹಾಕಿ ಬಹುಮಟ್ಟಿಗೆ ತೆಗೆಯಬಹುದು. ಮಿನರಲ್ ಗಾಜಿಗೆ ಗೀರು ಕಡಿಮೆ, ಪೆಟ್ಟು ಬಿದ್ದರೆ ಮಾತ್ರ ಅಂಚು ಹಾರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಗಾಜಿನ ಸುತ್ತಲಿನ ಅಂಚು. ಅದು ಗಾಜಿಗಿಂತ ಒಂದು ಎಳೆ ಎತ್ತರವಿದ್ದರೆ ಗೋಡೆಗೆ ಉಜ್ಜಿದಾಗ ಪೆಟ್ಟು ಅಂಚಿಗೆ ಬೀಳುತ್ತದೆ, ಗಾಜು ಉಳಿಯುತ್ತದೆ.

ಇದನ್ನೆಲ್ಲ ಒಂದು ಉದಾಹರಣೆಯಲ್ಲಿ ಕೂಡಿಸಿ ನೋಡಬಹುದು. ಎರಡನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಜೊತೆ ಅಂಗಡಿಗೆ ಬಂದಿದ್ದಾಳೆ ಎನ್ನಿ. ಐದರ ಮಗ್ಗಿ ಬರುತ್ತದೆ, ಅರವತ್ತರವರೆಗೆ ತಪ್ಪದೆ ಎಣಿಸುತ್ತಾಳೆ. ಈ ಎರಡು ಬಾರದಿದ್ದರೆ ವಾಚು ಇನ್ನೊಂದು ವರ್ಷ ಕಾಯಬಹುದು. ಅಮ್ಮ ಮನೆಯಲ್ಲೇ ದಾರ ಸುತ್ತಿ ಅಳೆದಿದ್ದಾಳೆ, ಮಣಿಕಟ್ಟಿನ ಸುತ್ತಳತೆ 13 ಸೆಂಟಿಮೀಟರ್. ಅಂದರೆ ಮಣಿಕಟ್ಟಿನ ಮೇಲ್ಭಾಗದ ಅಗಲ ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು. ಬೆಲ್ಟು ಸೇರುವ ಕೊಂಬುಗಳೂ ಸೇರಿ ವಾಚು ಈ ಅಗಲದೊಳಗೇ ಕೂರಬೇಕು. ಅದಕ್ಕೆ 28ರಿಂದ 32 ಮಿಲಿಮೀಟರ್ ಅಗಲದ ವಾಚು ಹದ. ಹೊರಗೆ ಚಾಚಿದ ವಾಚು ಬಾಗಿಲಿಗೆ, ಬೆಂಚಿಗೆ ಮೊದಲು ಬಡಿಯುತ್ತದೆ.

ಅಂಗಡಿಯವರು ಮೂರು ವಾಚು ಮುಂದಿಡುತ್ತಾರೆ. ಹುಡುಗಿಯ ಕೈ ಮೊದಲು ಹೋಗುವುದು ರಾಜಕುಮಾರಿಯ ಚಿತ್ರದ ವಾಚಿಗೆ. ಅದರಲ್ಲಿ ನಾಲ್ಕೇ ಅಂಕಿ, ಹೊಳೆಯುವ ಬೆಳ್ಳಿ ಮುಳ್ಳು, ಹಿಂದೆಯೂ ಬೆಳ್ಳಿ ಬಣ್ಣದ ಮಿನುಗು. ಎರಡನೆಯದು ದೀಪ ಹತ್ತುವ ಡಿಜಿಟಲ್. ಮೂರನೆಯದು 30 ಮಿಲಿಮೀಟರಿನದು, ಬಿಳಿ ಡಯಲು, ಹನ್ನೆರಡು ಅಂಕಿ, ಕೆಂಪು ಮತ್ತು ನೀಲಿ ಮುಳ್ಳು, ಹೂವಿನ ಚಿತ್ತಾರದ ಬಟ್ಟೆ ಬೆಲ್ಟು, ಹಿಂದೆ 50 ಮೀಟರ್ ಎಂದು ಬರೆದಿದೆ. ಅಮ್ಮ ಮೂರನ್ನೂ ಒಂದು ಮಾರು ದೂರ ಹಿಡಿದು ಯಾವುದರಲ್ಲಿ ಎಷ್ಟು ಗಂಟೆ ಎಂದು ಕೇಳುತ್ತಾಳೆ. ರಾಜಕುಮಾರಿಯ ಮುಳ್ಳು ಮಗಳಿಗೆ ಕಾಣುವುದೇ ಇಲ್ಲ. ಮೂರನೆಯದನ್ನು ತಡವರಿಸಿಯಾದರೂ ಓದುತ್ತಾಳೆ, ಬೆಲ್ಟಿನ ಹೂವೂ ಇಷ್ಟವಾಗುತ್ತದೆ.

ಈಗ ಕ್ರೌನ್ ಎಳೆದು ನೋಡುವ ಸರದಿ. ಹನ್ನೆರಡಕ್ಕೆ ಚಿಕ್ಕ ಮುಳ್ಳು ಕೊಂಚ ಎಡಕ್ಕಿದೆ. ಮೂರೂವರೆಗೆ ತಂದರೆ ನಡುವಿನಲ್ಲಿ ನಿಲ್ಲದೆ ಮೂರರ ಕಡೆಗೇ ವಾಲಿದೆ.

‘ಅಣ್ಣಾ, ಇದರ ಚಿಕ್ಕ ಮುಳ್ಳು ಸರಿ ಕೂತಿಲ್ಲ.’

‘ಅಷ್ಟೆಲ್ಲ ಯಾರು ನೋಡ್ತಾರೆ ಅಕ್ಕಾ, ಟೈಮ್ ಸರಿ ತೋರ್ಸತ್ತಲ್ಲ.’

‘ಇವಳು ನೋಡ್ತಾಳೆ. ಅದೇ ಮಾಡೆಲ್ಲಿನಲ್ಲಿ ಇನ್ನೊಂದು ಪೀಸ್ ಕೊಡಿ.’

ಎರಡನೇ ಪೀಸಿನಲ್ಲಿ ಮೂರೂ ಪರೀಕ್ಷೆ ಸರಿಯಾಗುತ್ತವೆ. ಬೆಲ್ಟು ಕಟ್ಟಿದ ಮೇಲೆ ಅದರ ಕೆಳಗೆ ಅಮ್ಮನ ಕಿರುಬೆರಳು ತೂರುವಷ್ಟು ಸಡಿಲವಿದೆ, ಮುಂದೆ ಕೈ ಬೆಳೆದರೆ ಇನ್ನೂ ನಾಲ್ಕು ತೂತು ಉಳಿದಿವೆ. ಬಿಲ್ಲಿನಲ್ಲಿ ತಾರೀಖು, ಮಾಡೆಲ್ ಬರೆಸಿಕೊಂಡು ಹೊರಡಬಹುದು. ವಾರಂಟಿ ಸಾಮಾನ್ಯವಾಗಿ ಒಳಗಿನ ಯಂತ್ರಕ್ಕೆ ಮಾತ್ರ ಸಿಗುತ್ತದೆ, ಗಾಜು, ಬೆಲ್ಟು, ಸೆಲ್ ಅದರಲ್ಲಿ ಸೇರುವುದಿಲ್ಲ ಎಂಬುದನ್ನು ಕೇಳಿಕೊಂಡೇ ಬರುವುದು ಒಳ್ಳೆಯದು.

ಮನೆಗೆ ಬಂದ ಮೇಲೆ ಪಾಠಕ್ಕೆ ವಾಚಿಗಿಂತ ಹಳೆಯ ಗೋಡೆ ಗಡಿಯಾರವೋ ಅಲಾರಂ ಗಡಿಯಾರವೋ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೆಲ್ ತೆಗೆದು ಹಿಂದಿನ ತಿರುಗಣೆಯನ್ನು ಮಗುವಿನ ಕೈಗೆ ಕೊಟ್ಟರಾಯಿತು. ದೊಡ್ಡ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕದು ಮೂರರಿಂದ ನಾಲ್ಕಕ್ಕೆ ತೆವಳುವುದನ್ನು ತಾನೇ ತಿರುಗಿಸಿ ನೋಡಿದ ಮಗುವಿಗೆ ಎರಡು ಮುಳ್ಳಿನ ಸಂಬಂಧ ಬೇರೆ ವಿವರಣೆಯಿಲ್ಲದೆ ಗೊತ್ತಾಗುತ್ತದೆ. ಇದನ್ನೇ ಕೈವಾಚಿನಲ್ಲಿ ದಿನಾ ಮಾಡಿಸಿದರೆ ಕ್ರೌನಿನ ಬಳಿಯ ರಬ್ಬರ್ ಸವೆಯುತ್ತದೆ, ನೀರಿನ ತಡೆ ಕುಗ್ಗುತ್ತದೆ.

ಪಾಠದ ಕ್ರಮ ಹೀಗಿರಬಹುದು. ಮೊದಲ ಕೆಲವು ದಿನ ಚಿಕ್ಕ ಮುಳ್ಳು ಮಾತ್ರ, ಯಾವ ಅಂಕಿ ದಾಟಿತು ಎಂಬ ಒಂದೇ ಪ್ರಶ್ನೆ. ಆಮೇಲೆ ಕಾಲು, ಅರೆ, ಮುಕ್ಕಾಲು. ಮನೆಮಾತಿನ ಮೂರೂಕಾಲು, ಮೂರೂವರೆ, ಮೂರೂಮುಕ್ಕಾಲು ಮೂರೂ ದಾಟಿದ ಅಂಕಿಯನ್ನೇ ಹಿಡಿದು ಹೋಗುವುದರಿಂದ ಚಿಕ್ಕ ಮುಳ್ಳಿನ ಪಾಠಕ್ಕೆ ಅವು ನೇರವಾಗಿ ಹೊಂದುತ್ತವೆ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ‘ಕ್ವಾರ್ಟರ್ ಟು ಫೋರ್’ ಎಂದು ಮುಂದಿನ ಗಂಟೆಯಿಂದ ಹಿಂದಕ್ಕೆ ಎಣಿಸುವುದನ್ನು ಕಲಿಸುತ್ತಾರೆ. ಎರಡನ್ನೂ ಒಂದೇ ವಾರ ತುರುಕಿದರೆ ಮಗು ತಬ್ಬಿಬ್ಬಾಗುತ್ತದೆ. ಮನೆಯ ರೀತಿ ಗಟ್ಟಿಯಾದ ಮೇಲೆ ಶಾಲೆಯದ್ದು. ಐದೈದು ನಿಮಿಷದ ಎಣಿಕೆ, ಕೊನೆಗೆ ಒಂದೊಂದು ನಿಮಿಷದ ಗೆರೆ.

ಮಗು ಕಲಿತಿದೆಯೋ ಇಲ್ಲವೋ ತಿಳಿಯಲು ಸರಿಯಾಗಿ ಮೂರು ಗಂಟೆಗೋ ಮೂರೂವರೆಗೋ ಕೇಳಿ ಉಪಯೋಗವಿಲ್ಲ. ಆರೂ ಐವತ್ತೈದು, ಒಂಬತ್ತೂ ನಲವತ್ತೆಂಟು, ಹನ್ನೆರಡೂ ಐವತ್ತು, ಇಂಥವನ್ನು ಕೇಳಬೇಕು. ಹನ್ನೆರಡೂ ಐವತ್ತನ್ನು ಬಹಳ ಮಕ್ಕಳು ಒಂದೂ ಐವತ್ತು ಎನ್ನುತ್ತಾರೆ, ಏಕೆಂದರೆ ಹನ್ನೆರಡು ದಾಟಿದ ಮೇಲೆ ಒಂದು ಬರುವುದು ಎಣಿಕೆಯಲ್ಲಿ ಎಲ್ಲೂ ಇಲ್ಲ. ‘ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ನೋಡು ಪುಟ್ಟಾ’ ಎಂಬ ಪ್ರಶ್ನೆಗೆ ವಾಚು ನೋಡಿ ಉತ್ತರ ಬಂದರೆ ಆ ಮಗುವಿಗೆ ಗಂಟೆ ನೋಡಲು ಬಂತು ಎಂದೇ ಲೆಕ್ಕ.

ಮುಂದಿನದ್ದು ಸಂಭಾಳಿಸುವ ಕೆಲಸ. ಗಾಜಿನ ಒಳಗೆ ಮಂಜು ಕಟ್ಟಿದರೆ ನೀರು ಒಳಗೆ ಹೋಗಿದೆ ಎಂದರ್ಥ. ಬಿಸಿಲಿಗಿಟ್ಟು ಒಣಗಿಸಿದರೆ ಮಂಜು ಮಾಯವಾದೀತು, ಒಳಗಿನ ತೇವ ಹೋಗುವುದಿಲ್ಲ, ತುಕ್ಕು ಹಿಡಿಯುತ್ತದೆ. ಅದೇ ದಿನ ರಿಪೇರಿಯವರ ಬಳಿ ಬಿಚ್ಚಿಸಬೇಕು. ವಾಚು ಜೋರಾಗಿ ಬಿದ್ದಾಗಲೆಲ್ಲ ಹನ್ನೆರಡರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಮುಳ್ಳು ಜರುಗಿದ್ದರೆ ತೆಗೆದು ಕೂರಿಸುವುದು ಸಣ್ಣ ಕೆಲಸ. ಕೆಲವು ವಾಚುಗಳಲ್ಲಿ ಸೆಲ್ ಮುಗಿಯುತ್ತ ಬಂದಾಗ ಸೆಕೆಂಡಿನ ಮುಳ್ಳು ಒಂದೊಂದೇ ಹೆಜ್ಜೆ ಇಡುವುದನ್ನು ಬಿಟ್ಟು ಎರಡೋ ನಾಲ್ಕೋ ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ನಿಂತ ಮೇಲೂ ಹಳೆಯ ಸೆಲ್ಲನ್ನು ಒಳಗೇ ಬಿಟ್ಟರೆ ಸೋರಿ ಯಂತ್ರವನ್ನೇ ಕೆಡಿಸುತ್ತದೆ.

ಸೆಲ್ ಬದಲಾಯಿಸುವುದು ಮಕ್ಕಳ ಕೈಗೆ ಹೋಗಬಾರದ ಕೆಲಸ. ಗುಂಡಿ ಸೆಲ್ ನುಂಗಿದರೆ ಗಂಟಲಿನಲ್ಲಿ ಸಿಕ್ಕಿಕೊಂಡು ಒಳಗೆ ಸುಡಬಹುದು. ರಿಮೋಟಿನಲ್ಲಿ, ಕೆಲವು ಡಿಜಿಟಲ್ ವಾಚುಗಳಲ್ಲಿ ಇರುವ ಅಗಲವಾದ ಲೀಥಿಯಂ ಸೆಲ್ಲಿನ ಅಪಾಯ ಇನ್ನೂ ಹೆಚ್ಚು, ಎರಡೇ ಗಂಟೆಯಲ್ಲಿ ಗಾಯ ಮಾಡುವಷ್ಟು. ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ವಾಚಿನ ಹಿಂದಿನ ಮುಚ್ಚಳ ಉಗುರಿಗೆ ಸಿಕ್ಕಿ ಎದ್ದುಬರುವಂತಿರಬಾರದು, ಸ್ಕ್ರೂ ಇದ್ದರೆ ಒಳ್ಳೆಯದು. ತೆಗೆದ ಹಳೆಯ ಸೆಲ್ಲನ್ನು ಮನೆಗೆ ತರದೆ ಅಂಗಡಿಯಲ್ಲೇ ಕೊಟ್ಟು ಬರಬೇಕು. ಮುಚ್ಚಳ ಹಾಕುವ ಮುಂಚೆ ಅದರ ಸುತ್ತಲಿನ ರಬ್ಬರ್ ಉಂಗುರ ಸರಿ ಕೂತಿದೆಯೇ ಎಂದು ರಿಪೇರಿಯವರನ್ನು ಕೇಳುವುದನ್ನು ಮರೆಯಬಾರದು. ಅದು ಮಡಚಿಕೊಂಡರೆ 50 ಮೀಟರಿನ ವಾಚು ಮೊದಲ ಮಳೆಗೇ ಮಂಜು ಕಟ್ಟುತ್ತದೆ.